ಬೆಕ್ಕು ವಾರಕ್ಕೆರಡು ಸಲ ಕಕ್ಕುತ್ತಿದ್ದರೆ: ಕರುಳು, ಮೇದೋಜೀರಕ ಮತ್ತು ಎರಡು ವಾರದ ಪಥ್ಯ

ಕರಾವಳಿಯ ಮನೆಗಳಲ್ಲಿ ಬೆಕ್ಕು ವಾಂತಿ ಮಾಡಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗರಿಕೆ ತಿಂದಿರಬೇಕು, ಹಲ್ಲಿ ಹಿಡಿದಿರಬೇಕು, ಕೂದಲುಂಡೆ ಇರಬೇಕು, ಪಿತ್ತ ಕೆರಳಿರಬೇಕು ಎಂದು ಒರೆಸಿ ಮುಂದೆ ಹೋಗುತ್ತೇವೆ. ಎಳೆಯ ಬೆಕ್ಕು ತಿಂಗಳಿಗೊಂದು ಸಲ ಕೂದಲುಂಡೆ ಕಕ್ಕಿದರೆ ಆ ಮಾತು ಸರಿಯೇ. ಆದರೆ ಏಳೆಂಟು ವರ್ಷ ದಾಟಿದ ಬೆಕ್ಕು ವಾರಕ್ಕೆ ಒಂದೆರಡು ಸಲ ವಾಂತಿ ಮಾಡುತ್ತ, ಆಗಾಗ ತೆಳ್ಳಗೆ ಭೇದಿ ಮಾಡುತ್ತ, ಮೂರು ವಾರ ಕಳೆದರೂ ನಿಲ್ಲದಿದ್ದರೆ ಅದು ಅದರ ಸ್ವಭಾವವಲ್ಲ, ಕಾಯಿಲೆ. ಅದರ ಹಿಂದೆ ಹೆಚ್ಚಾಗಿ ಇರುವುದು ಕರುಳಿನ ದೀರ್ಘಕಾಲದ ಉರಿಯೂತ. ಅದರ ಬೆನ್ನಿಗೇ ಬರುವುದು ಮೇದೋಜೀರಕ ಗ್ರಂಥಿಯ ಉರಿಯೂತ.

ಯಾವ ಕ್ರಮದಲ್ಲಿ ಮುಂದುವರಿಯಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಅರ್ಥವಾಗಲು ಒಂದು ಬೆಕ್ಕನ್ನು ಜೊತೆಗಿಟ್ಟುಕೊಳ್ಳೋಣ. ಇಂಥ ಕಾಯಿಲೆಯ ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಕಾಣುವುದನ್ನೆಲ್ಲ ಒಂದರಲ್ಲೇ ಸೇರಿಸಿ ಮಾಡಿಕೊಂಡ ಉದಾಹರಣೆ ಇದು. ಹೆಸರು ಗುಂಡ, ಒಂಬತ್ತು ವರ್ಷದ ಗಂಡು, ಸಂತಾನಹರಣ ಆಗಿದೆ. ಮನೆ ಕಾರವಾರದ ಕೋಡಿಬಾಗದಲ್ಲಿ. ದಿನಾ ಬಂಗಡೆಯದೋ ತಾರಲೆಯದೋ ತಲೆ, ಸ್ವಲ್ಪ ಅನ್ನ, ಬೆಳಿಗ್ಗೆ ಹಾಲು, ಜೊತೆಗೆ ಅಂಗಡಿಯ ಚಿಕನ್ ಒಣಕಾಳು. ನಾಲ್ಕು ತಿಂಗಳಿಂದ ವಾರಕ್ಕೆರಡು ವಾಂತಿ, ಎರಡು ತಿಂಗಳಿಂದ ಮೆತ್ತಗಿನ ಮಲ. ಹೋದ ವರ್ಷ ಲಸಿಕೆಗೆ ಒಯ್ದಾಗ ತೂಕ 4.6 ಕಿಲೋ ಇತ್ತು.

ಮೊದಲ ವಾರ: ತೂಕ ಮತ್ತು ದಿನಚರಿ

ವೈದ್ಯರ ಹತ್ತಿರ ಹೋಗುವ ಮೊದಲು ಬೆಕ್ಕನ್ನು ತೂಗಿ. ನೀವು ಬೆಕ್ಕನ್ನೆತ್ತಿಕೊಂಡು ಮನುಷ್ಯರ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ಕ್ರಮ ಒರಟು. ನೂರಿನ್ನೂರು ಗ್ರಾಂ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ, ನಮಗೆ ಬೇಕಾದದ್ದು ಆ ನೂರಿನ್ನೂರು ಗ್ರಾಮೇ. ಪ್ರಯಾಣದ ಚೀಲ ತೂಗಲು ಸಿಗುವ, ಕೊಕ್ಕೆ ಇರುವ ಸಣ್ಣ ಡಿಜಿಟಲ್ ತಕ್ಕಡಿ ಒಳ್ಳೆಯದು. ಮುಚ್ಚಳವಿರುವ ಬುಟ್ಟಿಯಲ್ಲಿ ಬೆಕ್ಕನ್ನು ಕೂರಿಸಿ ತೂಗಿ, ಬರೀ ಬುಟ್ಟಿಯ ತೂಕ ಕಳೆಯಿರಿ. ವಾರಕ್ಕೊಮ್ಮೆ, ಅದೇ ದಿನ, ಊಟಕ್ಕೆ ಮೊದಲು.

ಗುಂಡನ ತೂಕ ಈಗ 4.0 ಕಿಲೋ. ಆರುನೂರು ಗ್ರಾಂ ಎಂದರೆ ಕೇಳಲು ಸಣ್ಣದು. ಆದರೆ ಅದು ಅವನ ಮೈಯ ನೂರಕ್ಕೆ ಹದಿಮೂರು ಭಾಗ, ಅರವತ್ತು ಕಿಲೋದ ಮನುಷ್ಯ ಎಂಟು ಕಿಲೋ ಇಳಿದಂತೆ. ಮನೆಯವರಿಗೆ ಇದು ಗೊತ್ತಾಗದಿರುವುದಕ್ಕೆ ಕಾರಣವಿದೆ. ಬೆಕ್ಕು ಬಡವಾಗುವಾಗ ಮೊದಲು ಬೆನ್ನೆಲುಬಿನ ಅಕ್ಕಪಕ್ಕದ ಮಾಂಸ ಕರಗುತ್ತದೆ, ಹೊಟ್ಟೆಯಡಿಯ ಜೋಲುಚರ್ಮ ಹಾಗೇ ಉಳಿಯುತ್ತದೆ. ಆದ್ದರಿಂದ ನೋಡಿದರೆ ತಿಳಿಯದು. ಬೆನ್ನ ಮೇಲೆ ಬೆರಳಾಡಿಸಿದರೆ ಮೂಳೆ ಗಣ್ಣುಗಣ್ಣಾಗಿ ಸಿಗುತ್ತದೆ.

ಇನ್ನೊಂದು ಕೆಲಸ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ವಾಂತಿಯಾದ ದಿನ ‘ವಾ’, ಭೇದಿಯಾದ ದಿನ ‘ಭೇ’, ಊಟ ಬಿಟ್ಟ ದಿನ ‘ಊ’. ಸಾಧ್ಯವಾದರೆ ವಾಂತಿ ಮಾಡುವಾಗಿನ ವಿಡಿಯೊ ಮಾಡಿಕೊಳ್ಳಿ. ಹೊಟ್ಟೆ ಹಿಂಡಿ ಹಿಂಡಿ ಬರುವುದು ವಾಂತಿ. ತಿಂದ ಕೂಡಲೇ ಯಾವ ಪ್ರಯತ್ನವೂ ಇಲ್ಲದೆ ಅನ್ನ ಕೊಳವೆಯಾಕಾರದಲ್ಲಿ ಹೊರಬಿದ್ದರೆ ತೊಂದರೆ ಇರುವುದು ಅನ್ನನಾಳದಲ್ಲಿ. ಕತ್ತು ಚಾಚಿ ನೆಲಕ್ಕೆ ಕುಕ್ಕರಿಸಿ, ಕೊನೆಗೆ ಏನೂ ಹೊರಬಾರದಿದ್ದರೆ ಹೆಚ್ಚಿನ ಪಾಲು ಅದು ಕೆಮ್ಮು, ದಮ್ಮಿನದ್ದು. ಈ ಮೂರನ್ನೂ ಜನ ವಾಂತಿ ಎಂದೇ ಹೇಳುತ್ತಾರೆ. ಚಿಕಿತ್ಸೆ ಮಾತ್ರ ಬೇರೆ ಬೇರೆ.

ಹೊರಗೆ ತೋಟದಲ್ಲಿ ಮಲ ಮಾಡಿ ಬರುವ ಬೆಕ್ಕಾದರೆ ಒಂದು ವಾರ ಮನೆಯೊಳಗೆ ಮರಳಿನ ಟ್ರೇ ಇಡಿ. ಮಳೆಗಾಲದಲ್ಲಿ ಬೆಕ್ಕುಗಳು ಅದನ್ನು ಬೇಗ ಒಪ್ಪಿಕೊಳ್ಳುತ್ತವೆ. ಮಲ ರಾಶಿಯಾಗಿ, ನೀರುನೀರಾಗಿ, ದಿನಕ್ಕೆ ಎರಡು ಮೂರು ಸಲ ಬಂದು ಜೊತೆಗೆ ತೂಕ ಇಳಿಯುತ್ತಿದ್ದರೆ ತೊಂದರೆ ಸಣ್ಣ ಕರುಳಿನದು. ಸ್ವಲ್ಪ ಸ್ವಲ್ಪವೇ ಹಲವು ಸಲ, ಲೋಳೆಯೊಂದಿಗೆ, ಕೆಂಪು ರಕ್ತದ ಗೆರೆಯೊಂದಿಗೆ, ತಿಣುಕಿ ಬರುತ್ತಿದ್ದರೆ ದೊಡ್ಡ ಕರುಳಿನದು. ಗುಂಡನದು ಮೊದಲನೆಯ ಬಗೆ.

ಕರಾವಳಿಯವರಿಗೆ ಇಲ್ಲೊಂದು ಎಚ್ಚರಿಕೆ. ವಾಂತಿ ದಿಢೀರ್ ಶುರುವಾಗಿ ಒಂದೇ ದಿನ ಹತ್ತಾರು ಸಲ ಆದರೆ ಅದು ಈ ಕಾಯಿಲೆಯಲ್ಲ. ಗಾಳದ ಕೊಕ್ಕೆ, ಗಾಳದ ದಾರ, ಬಲೆಯ ನೂಲು ನುಂಗಿರಬಹುದು. ಬಾಯಿ ತೆರೆದು ನಾಲಿಗೆಯ ಬುಡ ನೋಡಿ, ದಾರ ಹಲವು ಸಲ ಅಲ್ಲಿ ಸುತ್ತಿಕೊಂಡಿರುತ್ತದೆ. ಅದನ್ನು ಎಳೆಯಬೇಡಿ, ಹಿಂದಿನಿಂದ ಬಂದಿದ್ದರೂ ಎಳೆಯಬೇಡಿ. ಒಳಗೆ ಕರುಳು ನೆರಿಗೆಯಾಗಿ ದಾರಕ್ಕೆ ಪೋಣಿಸಿಕೊಂಡಿರುತ್ತದೆ, ಎಳೆದರೆ ಸೀಳುತ್ತದೆ. ಅಂಥ ಬೆಕ್ಕಿಗೆ ಆವತ್ತೇ ಆಸ್ಪತ್ರೆ.

ಒಂದೇ ಬಾಗಿಲಿಗೆ ಬಂದು ಸೇರುವ ಎರಡು ನಾಳ

ಔಷಧದ ಮಾತಿಗೆ ಮೊದಲು ಹೊಟ್ಟೆಯೊಳಗಿನ ಜೋಡಣೆ ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ಲಿವರಿನಿಂದ ಪಿತ್ತ ತರುವ ನಾಳ ಒಂದು, ಮೇದೋಜೀರಕದಿಂದ ಜೀರ್ಣರಸ ತರುವ ನಾಳ ಇನ್ನೊಂದು. ನಾಯಿಗಳಲ್ಲಿ ಇವೆರಡೂ ಕರುಳಿಗೆ ಬಹುಮಟ್ಟಿಗೆ ಪ್ರತ್ಯೇಕವಾಗಿ ತೆರೆದುಕೊಳ್ಳುತ್ತವೆ. ಬೆಕ್ಕಿನಲ್ಲಿ ಇವು ಕೊನೆಯಲ್ಲಿ ಕೂಡಿಕೊಂಡು ಒಂದೇ ಕಿಂಡಿಯಿಂದ ಕರುಳಿಗೆ ಇಳಿಯುತ್ತವೆ. ಬೆಕ್ಕು ವಾಂತಿ ಮಾಡಿದಾಗಲೆಲ್ಲ ಕರುಳಿನ ಮೇಲ್ಭಾಗದಲ್ಲಿ ಒತ್ತಡ ಏರುತ್ತದೆ. ಆಗ ಅಲ್ಲಿರುವ ದ್ರವ, ಬ್ಯಾಕ್ಟೀರಿಯಾ ಸಮೇತ, ಆ ಕಿಂಡಿಯಿಂದ ಹಿಮ್ಮುಖವಾಗಿ ನುಗ್ಗಬಹುದು. ಕರುಳಿನಲ್ಲಿ ಶುರುವಾದ ಉರಿ ಮೇದೋಜೀರಕಕ್ಕೂ ಪಿತ್ತನಾಳಕ್ಕೂ ಹಬ್ಬುವುದಕ್ಕೆ ಇದೊಂದು ದಾರಿ ಎಂದು ವೈದ್ಯರು ತಿಳಿಯುತ್ತಾರೆ. ಮೂರೂ ಕಡೆ ಉರಿಯೂತವಿದ್ದರೆ ಅದಕ್ಕೆ ಟ್ರಯಾಡೈಟಿಸ್ ಎನ್ನುತ್ತಾರೆ. ಆದ್ದರಿಂದ ವರದಿಯಲ್ಲಿ ಲಿವರಿನ ಅಂಕಿ ಸ್ವಲ್ಪ ಏರಿದ್ದರೆ ಮೂರು ಹೊಸ ರೋಗ ಬಂತೆಂದು ಹೆದರಬೇಕಿಲ್ಲ, ಒಂದೇ ಉರಿ ಪಕ್ಕದ ಮನೆಗೂ ತಾಗಿದೆ.

ಕರುಳಿನ ಉರಿಯೂತ ಎಂದರೆ ಸೋಂಕಲ್ಲ. ಕರುಳಿನ ಗೋಡೆಗೆ ದೇಹದ ರಕ್ಷಣಾ ಕಣಗಳು ಗುಂಪುಗುಂಪಾಗಿ ಬಂದು ಸೇರಿರುತ್ತವೆ. ದಿನಾ ತಿನ್ನುವ ಆಹಾರದ ಪ್ರೋಟೀನನ್ನೋ, ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾವನ್ನೋ ಅವು ವೈರಿಯೆಂದು ತಿಳಿದು ಕಾದಾಡುತ್ತವೆ. ಗೋಡೆ ದಪ್ಪವಾಗುತ್ತದೆ, ಆಹಾರ ಹೀರುವ ಶಕ್ತಿ ಕುಗ್ಗುತ್ತದೆ. ಸೋಂಕಲ್ಲದ್ದರಿಂದಲೇ ವಾರಗಟ್ಟಲೆ ಆಂಟಿಬಯಾಟಿಕ್ ಕೊಟ್ಟರೂ ಇದು ಗುಣವಾಗುವುದಿಲ್ಲ. ಮೆಟ್ರೊನಿಡಜೋಲ್ ಕೊಟ್ಟಾಗ ನಾಲ್ಕು ದಿನ ಭೇದಿ ನಿಂತು, ಬಿಟ್ಟ ಮೇಲೆ ಮತ್ತೆ ಶುರುವಾಗುವುದನ್ನು ಅನೇಕರು ನೋಡಿದ್ದಾರೆ. ಅದೇ ಔಷಧವನ್ನು ಮತ್ತೆ ಮತ್ತೆ ಕೇಳಿ ತರಬೇಡಿ.

ಎರಡನೇ ಹೆಜ್ಜೆ: ಬೇರೆ ಕಾರಣಗಳನ್ನು ದಾಟುವುದು

ಮೊದಲು ಹುಳು. ಮಲಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಔಷಧ ಕೊಡುವುದು ರೂಢಿ, ಏಕೆಂದರೆ ಒಂದು ಮಾದರಿಯಲ್ಲಿ ಮೊಟ್ಟೆ ಸಿಗದೇ ಹೋಗಬಹುದು. ಫೆನ್‌ಬೆಂಡಜೋಲ್ ಅನ್ನು ಕಿಲೋಗೆ 50 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೊಮ್ಮೆ ಐದು ದಿನ ಕೊಡುತ್ತಾರೆ. ನಾಲ್ಕು ಕಿಲೋದ ಗುಂಡನಿಗೆ ದಿನಕ್ಕೆ 200 ಮಿಲಿಗ್ರಾಂ. ಒಂದೇ ದಿನದ ಡೋಸ್ ಸಾಲದು. ಹಲ್ಲಿ, ಓತಿಕ್ಯಾತ ಹಿಡಿದು ತಿನ್ನುವ ಬೆಕ್ಕಾದರೆ ಆ ಮಾತನ್ನು ವೈದ್ಯರಿಗೆ ಮರೆಯದೆ ಹೇಳಿ. ಬಿಸಿ ಸೀಮೆಯ ಹಲ್ಲಿಗಳಿಂದ ಪಿತ್ತನಾಳಕ್ಕೆ ಸೇರುವ ಒಂದು ಚಪ್ಪಟೆ ಹುಳುವಿದೆ, ಅದಕ್ಕೆ ಔಷಧ ಬೇರೆ.

ಆಮೇಲೆ ರಕ್ತಪರೀಕ್ಷೆ. ಕಿಡ್ನಿ, ಲಿವರ್, ಸಕ್ಕರೆ, ರಕ್ತಕಣಗಳ ಲೆಕ್ಕ, ಮತ್ತು ಏಳು ವರ್ಷ ದಾಟಿದ್ದರೆ ಥೈರಾಯ್ಡ್ ಟಿ4. ಥೈರಾಯ್ಡ್ ಹೆಚ್ಚಾದ ಬೆಕ್ಕು ಚೆನ್ನಾಗಿ ತಿಂದೂ ಬಡವಾಗುತ್ತದೆ, ವಾಂತಿ ಮಾಡುತ್ತದೆ. ಲಕ್ಷಣ ನೋಡಿದರೆ ಕರುಳಿನ ಕಾಯಿಲೆಯಂತೆಯೇ ಇರುತ್ತದೆ. ಮೇದೋಜೀರಕಕ್ಕಾಗಿ ಮನುಷ್ಯರ ಲ್ಯಾಬಿನಲ್ಲಿ ಅಮೈಲೇಸ್, ಲೈಪೇಸ್ ಮಾಡಿಸಿ ಹಣ ಕಳೆಯಬೇಡಿ, ಬೆಕ್ಕಿನ ಮಟ್ಟಿಗೆ ಅವು ನಂಬಲರ್ಹವಲ್ಲ. ಬೆಕ್ಕಿಗೆಂದೇ ಇರುವ ಎಫ್‌ಪಿಎಲ್ ಎಂಬ ಪರೀಕ್ಷೆ ಬೇಕು. ಅದು ಕೂಡ ನಾರ್ಮಲ್ ಬಂದ ಮಾತ್ರಕ್ಕೆ ಮೇದೋಜೀರಕ ನಿರ್ದೋಷಿ ಎನ್ನಲಾಗದು, ಹಳೆಯ, ಸಣ್ಣಗೆ ಉರಿಯುವ ಉರಿಯೂತವನ್ನು ಅದು ಹಲವು ಸಲ ಹಿಡಿಯುವುದಿಲ್ಲ.

ಹೊಟ್ಟೆಯ ಸ್ಕ್ಯಾನಿಂಗ್ ಉಪಯುಕ್ತ, ಆದರೆ ಅದು ಬೆಕ್ಕುಗಳನ್ನು ನೋಡಿ ಪಳಗಿದ ಕೈಯಲ್ಲಿ ಆಗಬೇಕು. ಶಿರಸಿ ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ. ಕಾರವಾರದವರು ಹುಬ್ಬಳ್ಳಿಗೋ ಗೋವಾಕ್ಕೋ ಹೋಗುತ್ತಾರೆ. ಕರುಳಿನ ಗೋಡೆಯ ಪದರಗಳು ದಪ್ಪವಾಗಿದ್ದರೂ ಕ್ರಮವಾಗಿ ಉಳಿದಿವೆಯೇ, ಗಂಟು ಇದೆಯೇ, ಪಕ್ಕದ ದುಗ್ಧರಸ ಗ್ರಂಥಿ ಊದಿದೆಯೇ ಎಂದು ಅಲ್ಲಿ ಕೇಳಿ. ಗಂಟು ಇದ್ದರೆ, ಪದರಗಳ ಗೆರೆ ಅಳಿಸಿಹೋಗಿದ್ದರೆ ಕ್ಯಾನ್ಸರಿನ ಅನುಮಾನ ಹೆಚ್ಚು.

ಗುಂಡನ ಟಿ4, ಕಿಡ್ನಿ, ಸಕ್ಕರೆ ಸರಿ ಇದ್ದವು. ಲಿವರಿನ ಎಎಲ್‌ಟಿ ತುಸು ಏರಿತ್ತು. ಹುಳುವಿನ ಔಷಧದಿಂದ ಏನೂ ಬದಲಾಗಲಿಲ್ಲ. ಸ್ಕ್ಯಾನಿನಲ್ಲಿ ಕರುಳಿನ ಗೋಡೆ ದಪ್ಪ, ಗಂಟಿಲ್ಲ.

ಮೂರನೇ ಹೆಜ್ಜೆ: ಪಥ್ಯ

ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು, ಎಲ್ಲಕ್ಕಿಂತ ಹೆಚ್ಚು ಕೆಡುವುದೂ ಇದೇ. ಇಂಥ ಬೆಕ್ಕುಗಳಲ್ಲಿ ಬಹಳಷ್ಟು ಆಹಾರ ಬದಲಿಸಿದ್ದರಿಂದಲೇ ಗುಣವಾಗುತ್ತವೆ. ಚರ್ಮದ ಅಲರ್ಜಿಗೆ ಪಥ್ಯ ಎರಡು ತಿಂಗಳು ಬೇಕಾಗುತ್ತದೆ. ಕರುಳಿಗೆ ಅಷ್ಟು ಕಾಯಬೇಕಿಲ್ಲ, ಆಹಾರ ಹೊಂದಿದರೆ ಎರಡು ವಾರದೊಳಗೆ ವ್ಯತ್ಯಾಸ ಕಾಣುತ್ತದೆ. ಹಾಗಾಗಿ ಕೇಳುತ್ತಿರುವುದು ಎರಡೇ ವಾರ, ಆದರೆ ಪೂರ್ತಿ ಎರಡು ವಾರ.

ಆಹಾರಕ್ಕೆ ಎರಡು ದಾರಿಗಳಿವೆ. ಒಂದು, ಹೈಡ್ರೊಲೈಸ್ಡ್ ಆಹಾರ. ಅದರಲ್ಲಿ ಪ್ರೋಟೀನನ್ನು ದೇಹಕ್ಕೆ ಗುರುತೇ ಸಿಗದಷ್ಟು ಸಣ್ಣ ಚೂರುಗಳಾಗಿ ಒಡೆದಿರುತ್ತಾರೆ. ವೈದ್ಯರ ಚೀಟಿಯ ಮೇಲೆ ತರಿಸಿಕೊಳ್ಳಬೇಕು, ದುಬಾರಿ. ಇನ್ನೊಂದು, ಬೆಕ್ಕು ಈವರೆಗೆ ತಿನ್ನದ ಮಾಂಸ. ಕರಾವಳಿಯ ಬೆಕ್ಕಿಗೆ ಮೀನು, ಕೋಳಿ ಎರಡೂ ಹಳೆಯ ಪರಿಚಯ, ಅವು ಲೆಕ್ಕಕ್ಕೆ ಬರುವುದಿಲ್ಲ. ಕುರಿ ಅಥವಾ ಆಡಿನ ಮಾಂಸ ತಿಂದಿಲ್ಲದಿದ್ದರೆ ಅದು ಆಗುತ್ತದೆ. ಕೊಬ್ಬು, ಮೂಳೆ ತೆಗೆದ ಮಾಂಸವನ್ನು ಬರೀ ನೀರಲ್ಲಿ ಬೇಯಿಸಿ, ಉಪ್ಪಿಲ್ಲ, ಒಗ್ಗರಣೆಯಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ, ಅವು ಸೋಕಲೂ ಬಾರದು. ಆದರೆ ಬರೀ ಮಾಂಸದಲ್ಲಿ ಸುಣ್ಣದ ಅಂಶ ತೀರ ಕಡಿಮೆ, ಬೇಯಿಸಿದಾಗ ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶ ನೀರಿಗಿಳಿಯುತ್ತದೆ. ಆದ್ದರಿಂದ ಇದು ಎರಡು ಮೂರು ವಾರದ ಪರೀಕ್ಷೆಗೆ ಮಾತ್ರ, ವರ್ಷದ ಊಟಕ್ಕಲ್ಲ. ಕುರಿ ಎಂದು ಬರೆದ ಅಂಗಡಿಯ ಪೊಟ್ಟಣ ತರುವ ಮೊದಲು ಹಿಂಬದಿಯ ಸಣ್ಣ ಅಕ್ಷರ ಓದಿ. ಮುಂದೆ ಕುರಿಯ ಚಿತ್ರವಿದ್ದು ಒಳಗೆ ಕೋಳಿಯೂ ಇರುವುದು ಸಾಮಾನ್ಯ.

ಅಳತೆ ಹೀಗೆ. ನಾಲ್ಕು ಕಿಲೋದ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಒಣಕಾಳಾದರೆ ಹೆಚ್ಚುಕಡಿಮೆ 50 ಗ್ರಾಂ, ಬೇಯಿಸಿದ ಕೊಬ್ಬಿಲ್ಲದ ಮಾಂಸವಾದರೆ 130ರಿಂದ 150 ಗ್ರಾಂ. ಅದನ್ನು ನಾಲ್ಕೈದು ಊಟಕ್ಕೆ ಹಂಚಿ. ಮೊದಲ ಐದಾರು ದಿನ ಹಳೆಯದರೊಂದಿಗೆ ಬೆರೆಸುತ್ತ, ದಿನದಿನಕ್ಕೆ ಹೊಸದನ್ನು ಹೆಚ್ಚಿಸಿ. ಪೂರ್ತಿ ಹೊಸದಾದ ದಿನದಿಂದ ಎರಡು ವಾರ ಎಣಿಸಿ. ಹಾಲು ಮಾತ್ರ ಮೊದಲ ದಿನವೇ ಬಂದ್. ದೊಡ್ಡ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದು ಕಷ್ಟ.

ಮೇದೋಜೀರಕಕ್ಕೆಂದು ಕೊಬ್ಬಿಲ್ಲದ ಆಹಾರ ಹುಡುಕುವ ಅಗತ್ಯವಿಲ್ಲ. ಅದು ನಾಯಿಗಳ ನಿಯಮ. ಬೆಕ್ಕಿಗೆ ಕೊಬ್ಬು ಅಷ್ಟು ತೊಂದರೆ ಮಾಡುವುದಿಲ್ಲ. ಮೇಲೆ ಮಾಂಸದ ಕೊಬ್ಬು ತೆಗೆಯಿರಿ ಎಂದದ್ದು ಅಳತೆ ತಪ್ಪದಿರಲಿ ಎಂದಷ್ಟೇ.

ಗುಂಡನ ಮೊದಲ ಪಥ್ಯ ಐದನೇ ದಿನಕ್ಕೆ ಮುರಿಯಿತು. ಅಜ್ಜಿ ಮೀನು ಹೆಚ್ಚುವಾಗ ಕಾಲಿಗೆ ಸುತ್ತಿದ, ಪಾಪ ಎಂದು ಒಂದು ಬಂಗಡೆ ತಲೆ ಹಾಕಿದರು. ಅಷ್ಟಕ್ಕೇ ಎಣಿಕೆ ಮತ್ತೆ ಒಂದರಿಂದ. ಇದರಲ್ಲಿ ಅಜ್ಜಿಯದು ತಪ್ಪಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಮನೆಯ ಪ್ರತಿಯೊಬ್ಬರಿಗೂ, ಬೆಕ್ಕು ಹೋಗಿ ಕೂರುವ ಪಕ್ಕದ ಮನೆಗೂ ಹೇಳಬೇಕು. ಎರಡು ಬೆಕ್ಕಿದ್ದರೆ ಇಬ್ಬರಿಗೂ ಅದೇ ಆಹಾರ, ಇಲ್ಲವೇ ಬೇರೆ ಬೇರೆ ಕೋಣೆ. ಮೀನು ತೊಳೆದ ನೀರಿನ ಬೋಗುಣಿ, ಅಂಗಳದ ಒಣಮೀನು, ಮೀನಿನ ವಾಸನೆಯ ಜಂತುಮಾತ್ರೆ, ಎಲ್ಲವೂ ಪಥ್ಯ ಮುರಿಯುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಎರಡು ತಿಂಗಳು ಈ ಕೆಲಸಕ್ಕೆ ನಿಜಕ್ಕೂ ಒಳ್ಳೆಯ ಕಾಲ. ಮನೆಗೆ ಹಸಿಮೀನು ಬರುವುದು ಕಡಿಮೆ, ಮಳೆಗೆ ಬೆಕ್ಕೂ ಒಳಗೇ ಇರುತ್ತದೆ. ಆದರೆ ಆ ಹವೆಗೆ ಒಣಕಾಳು ಬೇಗ ಮೆತ್ತಗಾಗಿ ಮುಗ್ಗುತ್ತದೆ. ಸಣ್ಣ ಚೀಲ ತಂದು ಬಿಗಿ ಮುಚ್ಚಳದ ಡಬ್ಬದಲ್ಲಿಡಿ.

ಎರಡನೇ ಸಲ ಪಥ್ಯ ಸರಿಯಾಗಿ ನಡೆಯಿತು. ಕ್ಯಾಲೆಂಡರಿನಲ್ಲಿ ಮೊದಲ ವಾರ ಒಂದು ‘ವಾ’, ಎರಡನೇ ವಾರ ಒಂದೂ ಇಲ್ಲ. ಮಲ ಮಾತ್ರ ಇನ್ನೂ ಮೆತ್ತಗೆ. ತೂಕ 4.0ರಲ್ಲೇ ನಿಂತಿತ್ತು. ಇದಕ್ಕೆ ಅರ್ಧ ಗೆಲುವು ಎನ್ನಬಹುದು. ಏನೂ ವ್ಯತ್ಯಾಸವೇ ಕಾಣದಿದ್ದರೆ ಇನ್ನೊಂದು ಬಗೆಯ ಆಹಾರದಿಂದ ಮತ್ತೆರಡು ವಾರ ಯತ್ನಿಸುವುದು ಸರಿ. ಬೆಕ್ಕು ತುಂಬ ಸೊರಗಿದ್ದರೆ ಮಾತ್ರ ಅಷ್ಟು ಕಾಯಬಾರದು.

ಬಿ12

ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟಾಗ ಬಿ12 ಹೀರುವುದು ನಿಲ್ಲುತ್ತದೆ. ಅದಕ್ಕೆ ಬೇಕಾದ ಒಂದು ಸಹಾಯಕ ಪ್ರೋಟೀನ್ ಬೆಕ್ಕಿನಲ್ಲಿ ತಯಾರಾಗುವುದು ಮೇದೋಜೀರಕದಲ್ಲೇ. ಹಾಗಾಗಿ ಎರಡೂ ಕೆಟ್ಟ ಬೆಕ್ಕಿಗೆ ಎರಡು ಕಡೆಯಿಂದ ಕೊರತೆ. ಬಿ12 ಇಲ್ಲದಿದ್ದರೆ ಹಸಿವೂ ಇರುವುದಿಲ್ಲ, ಕರುಳಿನ ಪದರ ಮತ್ತೆ ಬೆಳೆಯುವುದೂ ಇಲ್ಲ, ಉಳಿದ ಔಷಧ ನಾಟುವುದಿಲ್ಲ. ಚಿಕಿತ್ಸೆ ಸರಿಯಿದ್ದೂ ಬೆಕ್ಕು ಚೇತರಿಸದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಸಾಮಾನ್ಯ ಕ್ರಮವೆಂದರೆ ಬೆಕ್ಕೊಂದಕ್ಕೆ 250 ಮೈಕ್ರೊಗ್ರಾಂ, ಚರ್ಮದಡಿ, ವಾರಕ್ಕೊಂದರಂತೆ ಆರು ವಾರ, ಒಂದು ತಿಂಗಳ ಬಳಿಕ ಇನ್ನೊಂದು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಆದ್ದರಿಂದ ಪರೀಕ್ಷೆಗೆ ಅನುಕೂಲವಿಲ್ಲದ ಊರಲ್ಲಿ ಪರೀಕ್ಷೆ ಇಲ್ಲದೆಯೂ ವೈದ್ಯರು ಶುರು ಮಾಡುತ್ತಾರೆ. ಔಷಧದಂಗಡಿಯಲ್ಲಿ ಸಿಗುವ ಶೀಶೆಗಳಲ್ಲಿ ಮಿಲಿಗೆ 500 ಅಥವಾ 1000 ಮೈಕ್ರೊಗ್ರಾಂ ಇರಬಹುದು. 1000ದ್ದಾದರೆ ಕಾಲು ಮಿಲಿ, 500ರದ್ದಾದರೆ ಅರ್ಧ ಮಿಲಿ. ಬಿ1, ಬಿ6 ಸೇರಿದ ಇಂಜೆಕ್ಷನ್ ಬೇರೆ, ಅದರಲ್ಲಿ ಬಿ12ರ ಪ್ರಮಾಣ ಹೊಂದದಿರಬಹುದು, ಚುಚ್ಚಿದಾಗ ಉರಿಯೂ ಹೆಚ್ಚು. ಬರೀ ಬಿ12 ಕೇಳಿ.

ಊಟ ಬಿಟ್ಟ ದಿನ

ಎರಡನೇ ಪಥ್ಯದ ಮೂರನೇ ವಾರದಲ್ಲಿ ಗುಂಡ ಊಟ ಬಿಟ್ಟ. ವಾಂತಿ ಇಲ್ಲ. ಮಂಚದಡಿ ಹೋಗಿ ಬೆನ್ನು ಗೂನು ಮಾಡಿ ಕುಳಿತ. ಬಟ್ಟಲಿನ ಹತ್ತಿರ ಬಂದ, ಮೂಸಿದ, ತುಟಿ ನೆಕ್ಕಿ ಮುಖ ತಿರುಗಿಸಿದ. ಬೆಕ್ಕಿನಲ್ಲಿ ಮೇದೋಜೀರಕ ಕೆರಳಿದಾಗ ಕಾಣುವ ಚಿತ್ರ ಹೆಚ್ಚಾಗಿ ಇದೇ. ಮನುಷ್ಯರಂತೆ ಹೊಟ್ಟೆ ಹಿಡಿದು ನರಳುವುದಿಲ್ಲ, ಹಲವು ಸಲ ವಾಂತಿಯೂ ಇರುವುದಿಲ್ಲ. ತುಟಿ ನೆಕ್ಕುವುದು, ಜೊಲ್ಲು ಸುರಿಸುವುದು ಓಕರಿಕೆಯ ಗುರುತು. ಹಸಿವಿದೆ, ಆದರೆ ತಿನ್ನಲಾಗುತ್ತಿಲ್ಲ.

ಇಲ್ಲಿ ನಮ್ಮ ಹಳೆಯ ನಂಬಿಕೆಯೊಂದು ಬೆಕ್ಕಿನ ಜೀವಕ್ಕೇ ಎರವಾಗುತ್ತದೆ. ಹೊಟ್ಟೆ ಕೆಟ್ಟರೆ ಲಂಘನ ಒಳ್ಳೆಯದು ಎನ್ನುತ್ತೇವಲ್ಲ, ಬೆಕ್ಕಿಗೆ ಅದು ಸಲ್ಲದು. ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ಬಂದು ತುಂಬಿಕೊಂಡು ಲಿವರ್ ಕೆಲಸ ನಿಲ್ಲಿಸಬಹುದು. ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು. ಒಂದು ದಿನ ಪೂರ್ತಿ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ, ಎರಡನೇ ದಿನಕ್ಕೆ ಹೊತ್ತುಕೊಂಡು ಹೋಗಿ. ಕಿವಿಯ ಒಳಭಾಗ, ವಸಡು ಹಳದಿಯಾಗಿ ಕಂಡರೆ ಆ ಗಳಿಗೆಯಲ್ಲೇ ಹೊರಡಿ. ಗಂಡುಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಿದ್ದು ಮೂತ್ರ ಹೊರಬಾರದಿದ್ದರೂ ಅಷ್ಟೇ ಅವಸರ. ಅದನ್ನು ಮಲಬದ್ಧತೆ ಎಂದು ತಿಳಿದು ಕಾಯುವವರಿದ್ದಾರೆ, ಅದು ಮೂತ್ರನಾಳ ಕಟ್ಟಿಕೊಂಡದ್ದು.

ಆಸ್ಪತ್ರೆಯಲ್ಲಿ ಕೇಳಿ ಪಡೆಯಬೇಕಾದದ್ದು ನಾಲ್ಕು: ಡ್ರಿಪ್, ಓಕರಿಕೆ ನಿಲ್ಲಿಸುವ ಮಾರೊಪಿಟಂಟ್, ನೋವಿಗೆ ಬ್ಯೂಪ್ರೆನಾರ್ಫಿನ್‌ನಂಥದ್ದು, ಮತ್ತು ಹೊಟ್ಟೆಗೆ ಆಹಾರ. ನೋವಿನ ಔಷಧವನ್ನು ಬಿಟ್ಟುಬಿಡುವುದುಂಟು, ಬೆಕ್ಕು ನೋವು ತೋರಿಸುವುದಿಲ್ಲವೆಂಬ ಕಾರಣಕ್ಕೆ. ನೋವು ಇಳಿದ ಕೂಡಲೇ ತಾನಾಗಿ ತಿನ್ನಲು ಬರುವ ಬೆಕ್ಕುಗಳು ಬಹಳ. ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರ ಕನಸಿನಲ್ಲೂ ಬೇಡ, ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಹಸಿವಿಗೆ ಮಿರ್ಟಜಪೈನ್ ಕೊಡುತ್ತಾರೆ, ಬೆಕ್ಕೊಂದಕ್ಕೆ ಸುಮಾರು 2 ಮಿಲಿಗ್ರಾಂ. ಮನುಷ್ಯರ ಮಾತ್ರೆ 7.5 ಅಥವಾ 15ರದ್ದು, ಆದ್ದರಿಂದ ಚೂರು ಮಾಡುವಾಗ ಕೈ ತಪ್ಪಬಾರದು. ಹೆಚ್ಚಾದರೆ ಬೆಕ್ಕು ರಾತ್ರಿಯಿಡೀ ಕೂಗುತ್ತ ಅಲೆಯುತ್ತದೆ. ಮನೆಗೆ ಬಂದ ಮೇಲೆ ಆಹಾರವನ್ನು ಉಗುರುಬೆಚ್ಚಗೆ ಮಾಡಿ ಚಮಚದಷ್ಟೇ ಇಡಿ, ತಿನ್ನದಿದ್ದರೆ ಹತ್ತು ನಿಮಿಷಕ್ಕೆ ತೆಗೆಯಿರಿ. ಸಿರಿಂಜಿನಲ್ಲಿ ಬಲವಂತವಾಗಿ ಬಾಯಿಗೆ ತುಂಬಿದರೆ ಬೆಕ್ಕು ಆ ಆಹಾರವನ್ನೇ ದ್ವೇಷಿಸಲು ಕಲಿಯುತ್ತದೆ.

ಗುಂಡ ಎರಡು ದಿನ ಡ್ರಿಪ್ಪಿನಲ್ಲಿದ್ದು ಮೂರನೇ ದಿನ ತಿಂದ.

ಸ್ಟಿರಾಯ್ಡ್: ಮೊದಲಲ್ಲ, ಆಮೇಲೆ

ಸ್ಟಿರಾಯ್ಡ್ ಕೊಟ್ಟರೆ ವಾಂತಿ, ಭೇದಿ ಎರಡೂ ಬೇಗ ನಿಲ್ಲುತ್ತವೆ. ಮೊದಲ ದಿನವೇ ಕೊಡಬಾರದೇಕೆ ಎಂದರೆ, ವಯಸ್ಸಾದ ಬೆಕ್ಕಿನಲ್ಲಿ ಕರುಳಿನ ಉರಿಯೂತವೂ ನಿಧಾನವಾಗಿ ಬೆಳೆಯುವ ಲಿಂಫೋಮ ಎಂಬ ಕ್ಯಾನ್ಸರೂ ಹೊರಗಿಂದ ಒಂದೇ ರೀತಿ ಕಾಣುತ್ತವೆ. ಎರಡನ್ನೂ ಬೇರ್ಪಡಿಸುವುದು ಕರುಳಿನ ತುಣುಕು ತೆಗೆದು ನೋಡುವ ಬಯಾಪ್ಸಿ. ಸ್ಟಿರಾಯ್ಡ್ ಶುರುವಾದ ಮೇಲೆ ತುಣುಕು ತೆಗೆದರೆ ಚಿತ್ರ ಕಲಸಿಹೋಗಿರುತ್ತದೆ. ಆದ್ದರಿಂದ ಬಯಾಪ್ಸಿ ಮಾಡಿಸುವ ಮನಸ್ಸಿದ್ದರೆ ಅದು ಮೊದಲು. ಮಾಡಿಸಲು ಆಗದಿದ್ದರೆ, ದೂರ, ಖರ್ಚು, ಅರಿವಳಿಕೆಯ ಭಯ ಎಲ್ಲ ಇರುವುದೇ, ಪಥ್ಯ ಮತ್ತು ಬಿ12 ಮುಗಿಸಿ ಸ್ಟಿರಾಯ್ಡಿಗೆ ಹೋಗುವುದು ಒಪ್ಪತಕ್ಕ ದಾರಿ. ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ಗೊತ್ತಿದ್ದರೆ ಸಾಕು. ಈ ನಿಧಾನ ಲಿಂಫೋಮ ಆಗಿದ್ದರೂ ಸ್ಟಿರಾಯ್ಡ್ ಜೊತೆ ಕ್ಲೋರಾಂಬುಸಿಲ್ ಮಾತ್ರೆ ಪಡೆದು ಎರಡು ವರ್ಷಕ್ಕೂ ಹೆಚ್ಚು ಬಾಳುವ ಬೆಕ್ಕುಗಳು ಅನೇಕ.

ಔಷಧದ ಹೆಸರು ಪ್ರೆಡ್ನಿಸೊಲೋನ್. ಪ್ರೆಡ್ನಿಸೋನ್ ಅಲ್ಲ, ಅದನ್ನು ಬೆಕ್ಕಿನ ದೇಹ ಚೆನ್ನಾಗಿ ಬಳಸಿಕೊಳ್ಳಲಾರದು. ಕಿಲೋಗೆ ದಿನಕ್ಕೆ 1ರಿಂದ 2 ಮಿಲಿಗ್ರಾಂ ಲೆಕ್ಕ. ಗುಂಡನಿಗೆ ದಿನಕ್ಕೊಂದು 5 ಮಿಲಿಗ್ರಾಂ ಮಾತ್ರೆ. ಎರಡು ಮೂರು ವಾರ ಪೂರ್ತಿ ಡೋಸ್, ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಕಾಲು ಭಾಗವೋ ಅರ್ಧವೋ ಇಳಿಸುತ್ತ ಎಷ್ಟರಲ್ಲಿ ಬೆಕ್ಕು ನೆಮ್ಮದಿಯಾಗಿರುತ್ತದೋ ಅಲ್ಲಿ ನಿಲ್ಲಿಸುವುದು. ಗುಣವಾಯಿತೆಂದು ಒಮ್ಮೆಲೇ ಬಿಡಬಾರದು. ಮಾತ್ರೆ ನುಂಗಿಸಿದ ಮೇಲೆ ಸಿರಿಂಜಿನಲ್ಲಿ ನಾಲ್ಕೈದು ಮಿಲಿ ನೀರು ಬಾಯಿಯ ಪಕ್ಕದಿಂದ ನಿಧಾನ ಬಿಡಿ, ಇಲ್ಲವೇ ಪಥ್ಯದ್ದೇ ಒಂದು ತುತ್ತು ತಿನ್ನಿಸಿ. ಒಣಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗಬಹುದು.

ಸಕ್ಕರೆ ಕಾಯಿಲೆಯ ಭಯ ಇದ್ದದ್ದೇ. ಬೆಕ್ಕು ಹಿಂದಿಗಿಂತ ಹೆಚ್ಚು ನೀರು ಕುಡಿದು, ಟ್ರೇಯಲ್ಲಿ ಮರಳಿನ ಗಟ್ಟಿ ದೊಡ್ಡದಾಗತೊಡಗಿದರೆ ರಕ್ತದ ಸಕ್ಕರೆ ನೋಡಿಸಿ. ಸ್ಟಿರಾಯ್ಡ್ ನೀರಡಿಕೆಯನ್ನು ತಾನೇ ಸ್ವಲ್ಪ ಹೆಚ್ಚಿಸುತ್ತದೆ ನಿಜ, ಆದರೂ ಅಂದಾಜಿನ ಮೇಲೆ ಬಿಡಬೇಡಿ.

ಗುಂಡನಿಗೆ ಸ್ಟಿರಾಯ್ಡಿನ ಎರಡನೇ ವಾರಕ್ಕೆ ಮಲ ಗಟ್ಟಿಯಾಯಿತು. ಆರನೇ ಬಿ12 ಹೊತ್ತಿಗೆ ತೂಕ 4.2. ನಾಲ್ಕು ತಿಂಗಳಲ್ಲಿ ಡೋಸ್ ದಿನ ಬಿಟ್ಟು ದಿನ 2.5 ಮಿಲಿಗ್ರಾಂಗೆ ಇಳಿದು, ತೂಕ 4.4ಕ್ಕೆ ಬಂತು. ಊಟ ಪಥ್ಯದ್ದೇ, ಆದರೆ ಬರೀ ಮಾಂಸದಿಂದ ಹೈಡ್ರೊಲೈಸ್ಡ್ ಕಾಳಿಗೆ ಬದಲಾಗಿದೆ. ಬಂಗಡೆ ಈಗಲೂ ಇಲ್ಲ. ಕೊಕ್ಕೆಯ ತಕ್ಕಡಿಯಲ್ಲಿ ಈಗ ಹದಿನೈದು ದಿನಕ್ಕೊಮ್ಮೆ ತೂಗುತ್ತಾರೆ. ಸತತ ಎರಡು ಸಲ ತೂಕ ಇಳಿದು ಒಟ್ಟು 200 ಗ್ರಾಂ ಕಡಿಮೆ ಬಂದರೆ, ವಾಂತಿ ಇರಲಿ ಬಿಡಲಿ, ಅವನನ್ನು ಮತ್ತೆ ವೈದ್ಯರ ಮೇಜಿನ ಮೇಲೆ ಕೂರಿಸಬೇಕೆಂದು ಕ್ಯಾಲೆಂಡರಿನ ಮೇಲೇ ಬರೆದಿಟ್ಟಿದ್ದಾರೆ.